ಆರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ?

ಐದನೇ ತರಗತಿಯ ಕರಿಹಲಗೆಯ ಮೇಲೆ 1/4 ಮತ್ತು 1/6 ಎಂದು ಬರೆದು, ಇವೆರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿ. ಕೈಗಳು ಥಟ್ಟನೆ ಮೇಲೇಳುತ್ತವೆ. ಅವುಗಳಲ್ಲಿ ಬಹಳಷ್ಟು ಕೈಗಳು 1/6ರ ಪರವಾಗಿರುತ್ತವೆ. ಕಾರಣ ಕೇಳಿದರೆ ಉತ್ತರವೂ ಸಿದ್ಧವಾಗಿರುತ್ತದೆ: ಆರು ನಾಲ್ಕಕ್ಕಿಂತ ದೊಡ್ಡದಲ್ಲವೇ? ಇದು ಗಮನ ಕೊಡದೆ ಆದ ತಪ್ಪಲ್ಲ. ನಾಲ್ಕು ವರ್ಷ ಕಾಲ ಈ ಮಕ್ಕಳು ಆರು ನಾಲ್ಕಕ್ಕಿಂತ ದೊಡ್ಡದು ಎಂದೇ ಕಲಿತಿದ್ದಾರೆ, ಅದು ಒಮ್ಮೆಯೂ ಅವರಿಗೆ ಕೈಕೊಟ್ಟಿಲ್ಲ. ಚೆನ್ನಾಗಿ ಕಲಿತದ್ದನ್ನು ಅದು ಸಲ್ಲದ ಕಡೆಗೂ ಕೊಂಡೊಯ್ಯುತ್ತಿದ್ದಾರೆ, ಅಷ್ಟೆ.

ಈ ಅಭ್ಯಾಸ ಎಷ್ಟು ಗಟ್ಟಿ ಎನ್ನುವುದಕ್ಕೆ ಹಳೆಯದೊಂದು ದಾಖಲೆ ಇದೆ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ 12/13 ಮತ್ತು 7/8 ಕೂಡಿದರೆ ಸುಮಾರು ಎಷ್ಟಾಗುತ್ತದೆ ಎಂದು ಕೇಳಲಾಗಿತ್ತು. ಕೊಟ್ಟ ಆಯ್ಕೆಗಳು 1, 2, 19, 21. ಎರಡು ಸಂಖ್ಯೆಗಳೂ ಹೆಚ್ಚುಕಡಿಮೆ ಒಂದೊಂದೇ ಆದ್ದರಿಂದ ಉತ್ತರ 2. ಅದನ್ನು ಆರಿಸಿದವರು ಶೇ. 24 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದರು. ಮೇಲಿನವನ್ನು ಕೂಡಿದರೆ 19, ಕೆಳಗಿನವನ್ನು ಕೂಡಿದರೆ 21. ಗೆರೆಯ ಮೇಲೊಂದು ಕೆಳಗೊಂದು ಬರೆದದ್ದು ಸೇರಿ ಒಂದೇ ಸಂಖ್ಯೆ ಎಂಬುದು ಹದಿಮೂರನೇ ವಯಸ್ಸಿಗೂ ಅವರ ಮನಸ್ಸಿಗೆ ಇಳಿದಿರಲಿಲ್ಲ.

ನಮ್ಮ ತರಗತಿಗಳಲ್ಲಿ ಇದರ ಜೊತೆಗೆ ಇನ್ನೊಂದು ತೊಡಕಿದೆ. ಒಂದೇ ಬೆಂಚಿನ ಮೇಲೆ, ಭಾಗಗಳು ಸಮನಾಗಿರಬೇಕೆಂದೇ ಗೊತ್ತಿಲ್ಲದ ಹುಡುಗ ಕೂತಿರುತ್ತಾನೆ. ಅವನ ಪಕ್ಕದಲ್ಲಿ, ದೋಸೆಯನ್ನು ಮೂವರಿಗೆ ಸರಿಯಾಗಿ ಹಂಚಬಲ್ಲ, ಆದರೆ 1/3 ಎಂಬ ಬರಹಕ್ಕೂ ಆ ದೋಸೆಗೂ ಸಂಬಂಧ ಕಾಣದ ಹುಡುಗಿ ಇರುತ್ತಾಳೆ. ಅವಳ ಆಚೆ, ಟ್ಯೂಷನ್‌ನಲ್ಲಿ ಅಡ್ಡ ಗುಣಾಕಾರ ಕಲಿತು ಸರಿ ಉತ್ತರ ಹೇಳುವ, ಏಕೆ ಎಂದರೆ ಸುಮ್ಮನಾಗುವ ಇನ್ನೊಬ್ಬ. ಅವಧಿ ಮಾತ್ರ ಒಂದೇ, 40 ನಿಮಿಷ. ಮೂವರನ್ನೂ ಒಂದೇ ಪಾಠದಲ್ಲಿ ಮುಂದಕ್ಕೆ ಕರೆದೊಯ್ಯುವ ಪಾಠ ಯೋಜನೆಯೊಂದನ್ನು ಇಲ್ಲಿ ಹಂತ ಹಂತವಾಗಿ ಕಟ್ಟೋಣ. ತರಗತಿ ಐದನೆಯದು, ಮಕ್ಕಳು 28 ಎಂದಿಟ್ಟುಕೊಳ್ಳೋಣ. ವಿಷಯ: ಅಂಶ ಒಂದೇ ಆಗಿರುವ ಭಿನ್ನರಾಶಿಗಳ ಹೋಲಿಕೆ.

ಗುರಿಯನ್ನು ಬರೆಯುವ ಬಗೆ

ಪಾಠ ಯೋಜನೆಯ ಪುಸ್ತಕದಲ್ಲಿ "ಮಕ್ಕಳು ಭಿನ್ನರಾಶಿಯ ಪರಿಕಲ್ಪನೆಯನ್ನು ಅರ್ಥಮಾಡಿಕೊಳ್ಳುವರು" ಎಂಬ ಸಾಲು ಎಷ್ಟೋ ಕಡೆ ಕಾಣುತ್ತದೆ. ಈ ಗುರಿ ಮುಟ್ಟಿತೋ ಇಲ್ಲವೋ ಎಂದು ಸಂಜೆ ನಾಲ್ಕಕ್ಕೆ ಯಾರೂ ಹೇಳಲಾರರು. ಅರ್ಥಮಾಡಿಕೊಳ್ಳುವುದು ಕಣ್ಣಿಗೆ ಕಾಣುವುದಿಲ್ಲ. ಮಗು ಏನು ಮಾಡಿದರೆ, ಏನು ಹೇಳಿದರೆ ಅರ್ಥವಾಗಿದೆ ಎಂದುಕೊಳ್ಳಬಹುದು ಎಂಬುದನ್ನೇ ಗುರಿಯಾಗಿ ಬರೆಯಬೇಕು.

ಎನ್‌ಸಿಇಆರ್‌ಟಿ 2017ರಲ್ಲಿ ಹೊರತಂದ ಕಲಿಕಾ ಫಲಗಳ ಪ್ರಕಾರ ನಾಲ್ಕನೇ ತರಗತಿಯ ಮಗು ಕಾಗದ ಮಡಿಸಿ ಅರ್ಧ, ಕಾಲು, ಮುಕ್ಕಾಲುಗಳನ್ನು ಗುರುತಿಸಬೇಕು, ಐದನೆಯ ತರಗತಿಯಲ್ಲಿ ಸಮಾನ ಭಿನ್ನರಾಶಿಗಳನ್ನು ರಚಿಸಬೇಕು. ಇವೆರಡರ ನಡುವೆ ಒಂದು ಮೆಟ್ಟಿಲು ಬೇಕು: ಛೇದ ದೊಡ್ಡದಾದಂತೆ ಒಂದೊಂದು ಭಾಗ ಚಿಕ್ಕದಾಗುತ್ತದೆ ಎಂಬ ತಿಳಿವು. ಅದಿಲ್ಲದೆ 1/2 ಮತ್ತು 2/4 ಸಮ ಎಂದು ಹೇಳಿಕೊಟ್ಟರೆ, ಮೇಲೂ ಕೆಳಗೂ ಎರಡರಿಂದ ಗುಣಿಸಬೇಕು ಎಂಬ ಕ್ರಿಯೆಯಷ್ಟೇ ಉಳಿಯುತ್ತದೆ.

ಹಾಗಾಗಿ ನಮ್ಮ ಗುರಿ ಇದು: "ಒಂದೇ ಅಳತೆಯ ಇಡಿಯಿಂದ ಬಂದ, ಅಂಶ ಒಂದೇ ಆಗಿರುವ ಎರಡು ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದೆಂದು ಮಗು ಹೇಳುವುದು, ಮತ್ತು ಒಂದೊಂದು ಭಾಗದ ಗಾತ್ರವನ್ನು ಕಾರಣವಾಗಿ ಕೊಡುವುದು." ಇದರಲ್ಲಿ ಎರಡನೆಯ ತುಂಡೇ ಮುಖ್ಯ. "ಕೆಳಗಿನ ಸಂಖ್ಯೆ ಚಿಕ್ಕದಾದರೆ ಭಿನ್ನರಾಶಿ ದೊಡ್ಡದು" ಎಂದಷ್ಟೇ ಹೇಳುವ ಮಗು ನಿಯಮ ಒಪ್ಪಿಸುತ್ತಿದೆ. "ಕಡಿಮೆ ಜನಕ್ಕೆ ಹಂಚಿದರೆ ಒಬ್ಬೊಬ್ಬರ ಪಾಲು ದೊಡ್ಡದು" ಎನ್ನುವ ಮಗು ಕಾರಣ ಕೊಡುತ್ತಿದೆ.

ಮಿಶ್ರ ಮಟ್ಟದ ತರಗತಿಗೆ ಮೂರು ಬೇರೆ ಗುರಿಗಳನ್ನು ಬರೆಯುವ ರೂಢಿಯೂ ಇದೆ: ನಿಧಾನ ಕಲಿಕೆಯವರು ಬಣ್ಣ ತುಂಬುವರು, ಮಧ್ಯಮದವರು ಗುರುತಿಸುವರು, ಮುಂದಿನವರು ಹೋಲಿಸುವರು. ಇದನ್ನು ನಾನು ಒಪ್ಪುವುದಿಲ್ಲ. ವರ್ಷವಿಡೀ ಬಣ್ಣ ತುಂಬಿದ ಮಗು ಹೋಲಿಕೆಯನ್ನು ಒಮ್ಮೆಯೂ ಎದುರಿಸದೆ ಆರನೇ ತರಗತಿಗೆ ಹೋಗುತ್ತದೆ. ಗುರಿ ಎಲ್ಲರಿಗೂ ಒಂದೇ ಇರಲಿ. ಸಂಖ್ಯೆಗಳು, ಕೈಯಲ್ಲಿರುವ ಸಾಮಗ್ರಿ, ಶಿಕ್ಷಕರು ಪಕ್ಕದಲ್ಲಿ ಕೂರುವ ಸಮಯ, ಇವು ಬದಲಾಗಲಿ.

ಹಿಂದಿನ ದಿನದ ಮೂರು ಪ್ರಶ್ನೆ

ಯಾರಿಗೆ ಏನು ಗೊತ್ತು ಎನ್ನುವುದನ್ನು ಪಾಠದ ದಿನ ಬೆಳಿಗ್ಗೆ ಕಂಡುಕೊಳ್ಳಲು ಹೊರಟರೆ ತಡವಾಗುತ್ತದೆ. ಹಿಂದಿನ ದಿನ ಅವಧಿಯ ಕೊನೆಯ ಐದು ನಿಮಿಷದಲ್ಲಿ ಅರ್ಧ ಹಾಳೆಯ ಚೀಟಿಯ ಮೇಲೆ ಮೂರು ಪ್ರಶ್ನೆ ಕೊಡಿ. ಮೊದಲನೆಯದು: ಒಂದು ಆಯತವನ್ನು ಸಮನಲ್ಲದ ನಾಲ್ಕು ಭಾಗ ಮಾಡಿ ಒಂದಕ್ಕೆ ಬಣ್ಣ ಹಾಕಿದ ಚಿತ್ರ, ಬಣ್ಣ ಹಾಕಿದ್ದು 1/4 ಹೌದೋ ಅಲ್ಲವೋ, ಏಕೆ? ಎರಡನೆಯದು: ಒಂದು ದೋಸೆಯನ್ನು ಮೂವರು ಸಮನಾಗಿ ಹಂಚಿಕೊಂಡರು, ಅಷ್ಟೇ ದೊಡ್ಡ ಇನ್ನೊಂದು ದೋಸೆಯನ್ನು ಐವರು ಹಂಚಿಕೊಂಡರು, ಯಾರಿಗೆ ದೊಡ್ಡ ತುಂಡು? ಮೂರನೆಯದು: 1/3 ಮತ್ತು 1/5, ಯಾವುದು ದೊಡ್ಡದು, ಏಕೆ?

ಎರಡನೆಯ ಮತ್ತು ಮೂರನೆಯ ಪ್ರಶ್ನೆ ಒಂದೇ ಎಂಬುದನ್ನು ಗಮನಿಸಿ. ಒಂದರಲ್ಲಿ ದೋಸೆಯಿದೆ, ಇನ್ನೊಂದರಲ್ಲಿ ಬರಿಯ ಸಂಕೇತವಿದೆ. ಎರಡನೆಯದನ್ನು ಸರಿಯಾಗಿ ಬರೆದು ಮೂರನೆಯದರಲ್ಲಿ ಎಡವಿದ ಮಕ್ಕಳೇ ಹೆಚ್ಚಾಗಿ ಸಿಗುತ್ತಾರೆ. ಅವರಿಗೆ ತಿಳಿವಳಿಕೆ ಇದೆ, ಅದು ಸಂಕೇತಕ್ಕೆ ಅಂಟಿಕೊಂಡಿಲ್ಲ. ನಾಳೆಯ ಪಾಠದ ನಡುಭಾಗ ಇವರಿಗಾಗಿ. ಮೊದಲನೆಯ ಪ್ರಶ್ನೆಯಲ್ಲೇ "ಹೌದು, ನಾಲ್ಕರಲ್ಲಿ ಒಂದು" ಎಂದು ಬರೆದವರಿಗೆ ಸಮಭಾಗದ ಕಲ್ಪನೆ ಇನ್ನೂ ಬಂದಿಲ್ಲ. ಹೋಲಿಕೆಗೆ ಮೊದಲು ಅವರಿಗೆ ಸ್ವಲ್ಪ ಹೊತ್ತು ಶಿಕ್ಷಕರ ಜೊತೆ ಬೇಕು. ಮೂರಕ್ಕೆ ಮೂರೂ ಸರಿ ಮಾಡಿದವರ ಚೀಟಿಗಳನ್ನು ಇನ್ನೊಮ್ಮೆ ಓದಿ, ಕಾರಣದ ಜಾಗದಲ್ಲಿ ಏನಿದೆ ನೋಡಿ. ಕಾರಣ ಬರೆದವರೂ ನಿಯಮ ಬರೆದವರೂ ಅಲ್ಲಿ ಬೇರೆಬೇರೆಯಾಗುತ್ತಾರೆ.

ಹೀಗೆ ನಾಲ್ಕು ಕಟ್ಟು ಸಿಗುತ್ತದೆ. 28 ಚೀಟಿ ವಿಂಗಡಿಸಲು ಹತ್ತು ನಿಮಿಷ ಸಾಕು, ಅಂಕ ಹಾಕುವ ಅಗತ್ಯವಿಲ್ಲ. ಈ ಕಟ್ಟುಗಳು ನಾಳೆಯ ಒಂದು ದಿನಕ್ಕೆ ಮಾತ್ರ. ಭಾಗಾಕಾರದಲ್ಲಿ ಹಿಂದಿರುವ ಹುಡುಗಿ ಮಡಿಕೆಯಲ್ಲಿ ಎಲ್ಲರಿಗಿಂತ ಮುಂದಿರಬಹುದು. ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿಯಲ್ಲಿ ಕಲಿತು ಬಂದ ಮಕ್ಕಳಿಗೆ ಗುಂಪು ಬದಲಿಸಿ ಕೂರುವುದು ಹೊಸದೇನೂ ಅಲ್ಲ. ಶಿಕ್ಷಕರ ಜೊತೆ ಒಂದಿಷ್ಟು ಹೊತ್ತು, ಗೆಳೆಯರ ಜೊತೆ ಒಂದಿಷ್ಟು ಹೊತ್ತು, ತಾವೇ ಒಂದಿಷ್ಟು ಹೊತ್ತು ಕಲಿಯುವುದು ಅವರಿಗೆ ಅಭ್ಯಾಸವಾಗಿರುತ್ತದೆ. ನಾಲ್ಕನೆಯ ತರಗತಿಗೆ ಬಂದೊಡನೆ ಎಲ್ಲರೂ ಹಲಗೆಯ ಕಡೆ ಮುಖ ಮಾಡಿ ಕೂರಬೇಕೆಂದು ನಾವೇ ಅದನ್ನು ಮರೆಸಿಬಿಡುತ್ತೇವೆ.

24 ಸೆಂಟಿಮೀಟರ್ ಪಟ್ಟಿ

ಸಾಮಗ್ರಿ ಕಾಗದದ ಪಟ್ಟಿ. ರೊಟ್ಟಿ, ಚಪಾತಿಯ ಚಿತ್ರ ಆಕರ್ಷಕವಾಗಿ ಕಂಡರೂ ಹೋಲಿಕೆಯ ಪಾಠಕ್ಕೆ ವೃತ್ತ ಒಗ್ಗುವುದಿಲ್ಲ. ವೃತ್ತವನ್ನು ಮೂರು ಅಥವಾ ಆರು ಸಮಭಾಗ ಮಾಡುವುದು ದೊಡ್ಡವರಿಗೂ ಕಷ್ಟ. ಮಕ್ಕಳು ಅಡ್ಡಗೆರೆ ಎಳೆದು ಮೂರು ಭಾಗ ಮಾಡುತ್ತಾರೆ, ನಡುವಿನದು ದೊಡ್ಡದಾಗಿ ಬದಿಯವು ಚಿಕ್ಕದಾಗುತ್ತವೆ. ಪಟ್ಟಿಗಳನ್ನಾದರೆ ಒಂದರ ಕೆಳಗೊಂದು ಇಟ್ಟು ಕಣ್ಣಿನಲ್ಲೇ ಅಳೆಯಬಹುದು. ಮುಂದೆ ಸಂಖ್ಯಾರೇಖೆಗೂ ಅದೇ ದಾರಿ.

ಪಟ್ಟಿಯ ಉದ್ದ 24 ಸೆಂ.ಮೀ. ಇರಲಿ. ಆಗ ಅರ್ಧ 12, ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3 ಸೆಂ.ಮೀ. ಆಗುತ್ತವೆ, ಎಲ್ಲವೂ ಪೂರ್ಣಸಂಖ್ಯೆಯಲ್ಲಿ. ಎ4 ಹಾಳೆಯ ಉದ್ದದಲ್ಲಿ 24 ಸೆಂ.ಮೀ. ಇಟ್ಟುಕೊಂಡು, 3 ಸೆಂ.ಮೀ. ಅಗಲಕ್ಕೆ ಕತ್ತರಿಸಿದರೆ ಒಂದು ಹಾಳೆಯಲ್ಲಿ ಏಳು ಪಟ್ಟಿ ಬರುತ್ತವೆ. ಇಬ್ಬರಿಗೆ ಬೇಕಾದದ್ದು ಆರು: ಇಡಿ, ಅರ್ಧ, ಮೂರು ಭಾಗದ್ದು, ನಾಲ್ಕು ಭಾಗದ್ದು, ಆರು ಭಾಗದ್ದು, ಎಂಟು ಭಾಗದ್ದು. ಏಳನೆಯದು ಹಾಳಾದಾಗ ಬಳಸಲು. 14 ಜೋಡಿಗಳಿಗೆ 14 ಹಾಳೆ. ಐದು ಮತ್ತು ಏಳು ಭಾಗಗಳನ್ನು ಪಟ್ಟಿಯಲ್ಲಿ ಮಾಡಿಸಬೇಡಿ, 24 ಅವುಗಳಿಂದ ಸಮನಾಗಿ ಭಾಗವಾಗುವುದಿಲ್ಲ. ಆ ಭಿನ್ನರಾಶಿಗಳು ಬೇರೆ ಕಡೆ ಉಪಯೋಗಕ್ಕೆ ಬರುತ್ತವೆ.

ಪಟ್ಟಿಗಳನ್ನು ಮಡಿಸಬೇಕು, ಕತ್ತರಿಸಬಾರದು. ತುಂಡುಗಳು ಬೇರೆಯಾದರೆ ಇಡಿ ಕಣ್ಮರೆಯಾಗುತ್ತದೆ, ಕಾಲು ಯಾವುದರ ಕಾಲು ಎಂಬ ಪ್ರಶ್ನೆಯೇ ಇಲ್ಲವಾಗುತ್ತದೆ.

ಅವಧಿಯ 40 ನಿಮಿಷ

ಮೊದಲ ಐದು ನಿಮಿಷ ಪೆನ್ಸಿಲ್ ಬೇಡ. ಹೋಟೆಲಿನಲ್ಲಿ ಇಬ್ಬರು ಕೂತು ಬೈ ಟು ಕಾಫಿ ಹೇಳಿದರು, ಪಕ್ಕದ ಮೇಜಿನಲ್ಲಿ ಮೂವರು ಕೂತು ಬೈ ತ್ರೀ ಹೇಳಿದರು. "ನೀನು ಯಾವ ಮೇಜಿನಲ್ಲಿ ಕೂರುತ್ತೀಯ ಪುಟ್ಟ?" ಎಂದು ಕೇಳಿದರೆ ಹಿಂದಿನ ಬೆಂಚಿನವರೂ ಉತ್ತರಿಸುತ್ತಾರೆ. ಯಾರಾದರೂ ಒಬ್ಬರು "ಆ ಮೇಜಿನ ಲೋಟ ದೊಡ್ಡದಿದ್ದರೆ ಮಿಸ್?" ಎಂದು ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ನೀವೇ ಕೇಳಿ. ಹೋಲಿಸಬೇಕಾದರೆ ಇಡಿ ಒಂದೇ ಅಳತೆಯದಾಗಿರಬೇಕು ಎಂಬ ಮಾತು ಮಕ್ಕಳ ಬಾಯಿಂದಲೇ ಬರಲಿ, ಅದನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ. ಆಮೇಲೆ 1/4 ಮತ್ತು 1/6 ಬರೆದು ಕೈ ಎತ್ತಿಸಿ, ಎರಡಕ್ಕೂ ಬಂದ ಮತಗಳನ್ನು ಅವುಗಳ ಕೆಳಗೇ ಬರೆಯಿರಿ. ಸರಿ ಉತ್ತರ ಹೇಳಬೇಡಿ, ಮುಖದಲ್ಲೂ ತೋರಿಸಬೇಡಿ.

ಮುಂದಿನ ಎಂಟು ನಿಮಿಷ ಮಡಿಕೆ. ಅರ್ಧ, ಕಾಲು, ಎಂಟನೇ ಒಂದು, ಮೂರೂ ಅರ್ಧರ್ಧವಾಗಿ ಮಡಿಸಿದರೆ ಬರುತ್ತವೆ. ಮೂರು ಭಾಗಕ್ಕೆ ಸ್ಕೇಲಿನಿಂದ 8 ಮತ್ತು 16 ಸೆಂ.ಮೀ.ಗೆ ಗುರುತು ಹಾಕಿ ಮಡಿಸಬೇಕು. ಇನ್ನೊಂದು ಪಟ್ಟಿಯನ್ನು ಹಾಗೆಯೇ ಮೂರಾಗಿ ಮಡಿಸಿ, ಮಡಿಸಿದ್ದನ್ನು ಮತ್ತೆ ಅರ್ಧ ಮಾಡಿದರೆ ಆರು ಭಾಗ. ಮಡಿಕೆ ಸರಿಯಿದೆಯೇ ಎಂದು ನೋಡಲು ಸುಲಭದ ದಾರಿಯಿದೆ. ಎಲ್ಲ ಪಟ್ಟಿಗಳನ್ನೂ ಎಡ ಅಂಚು ಸರಿಹೊಂದಿಸಿ ಒಂದರ ಕೆಳಗೊಂದು ಇಟ್ಟಾಗ, ಎರಡು, ನಾಲ್ಕು, ಆರು, ಎಂಟು ಭಾಗಗಳ ಪಟ್ಟಿಗಳಲ್ಲಿ ನಟ್ಟನಡುವೆ ಒಂದು ಮಡಿಕೆ ಸಾಲಾಗಿ ಬರಬೇಕು. ಮೂರು ಭಾಗದ ಪಟ್ಟಿಯಲ್ಲಿ ಮಾತ್ರ ನಡುವೆ ಮಡಿಕೆ ಇರಬಾರದು. ಸಾಲು ತಪ್ಪಿದ್ದರೆ ಏಳನೆಯ ಪಟ್ಟಿ ತೆಗೆದುಕೊಂಡು ಇನ್ನೊಮ್ಮೆ ಮಡಿಸಬೇಕು, ಏಕೆಂದರೆ ಓರೆಯಾದ ಪಟ್ಟಿ ಮುಂದಿನ ಪ್ರತಿ ಹೋಲಿಕೆಯಲ್ಲೂ ಸುಳ್ಳು ಹೇಳುತ್ತದೆ.

ಮಡಿಸಿದ ಪ್ರತಿ ಭಾಗದ ಮೇಲೂ ಭಿನ್ನರಾಶಿ ಬರೆಸಿ. ನಾಲ್ಕು ಭಾಗದ ಪಟ್ಟಿಯಾದರೆ ನಾಲ್ಕೂ ಕಡೆ 1/4. ಇಲ್ಲಿ ಒಂದು ತಪ್ಪನ್ನು ಹುಡುಕಿಕೊಂಡು ಬೆಂಚುಗಳ ನಡುವೆ ಓಡಾಡಬೇಕು. ಕೆಲವರು ಮೊದಲ ಭಾಗಕ್ಕೆ 1/4, ಎರಡನೆಯದಕ್ಕೆ 2/4, ಮೂರನೆಯದಕ್ಕೆ 3/4 ಎಂದು ಬರೆಯುತ್ತಾರೆ. ಅವರ ಮಟ್ಟಿಗೆ 3/4 ಎಂದರೆ ಮೂರನೆಯ ಮನೆಯ ಹೆಸರು, ಮೂರು ಕಾಲುಗಳು ಸೇರಿ ಆದ ಮುಕ್ಕಾಲಲ್ಲ. ಮೂರನೆಯ ಭಾಗವೊಂದನ್ನೇ ಬೆರಳಲ್ಲಿ ಮುಚ್ಚಿ "ಇದೊಂದೇ ಎಷ್ಟು?" ಎಂದು ಕೇಳಿದರೆ ತಾವೇ ಅಳಿಸಿ ಬರೆಯುತ್ತಾರೆ.

ನಂತರದ ಹನ್ನೆರಡು ನಿಮಿಷ ಜೋಡಿ ಕೆಲಸ. ಸಮಭಾಗದಲ್ಲಿ ಎಡವಿದವರನ್ನು ಬಿಟ್ಟು ಉಳಿದವರನ್ನು ಹಿಂದಿನ ದಿನದ ಚೀಟಿ ನೋಡಿ ಜೋಡಿ ಮಾಡಿ: ದೋಸೆಯ ಪ್ರಶ್ನೆ ಸರಿ ಮಾಡಿ ಸಂಕೇತದಲ್ಲಿ ಎಡವಿದವರ ಜೊತೆ, ಕಾರಣ ಬರೆದ ಒಬ್ಬರು. ಮೊದಲ ಕೆಲಸ, 1/2, 1/3, 1/4, 1/6, 1/8 ಇವುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವುದು. ಎರಡನೆಯದು, 1/4 ಗಿಂತ 1/□ ಚಿಕ್ಕದಾಗಬೇಕಾದರೆ ಪೆಟ್ಟಿಗೆಯಲ್ಲಿ ಯಾವ ಸಂಖ್ಯೆ ಬರಬಹುದು, ಎಷ್ಟು ಸಂಖ್ಯೆಗಳು ಬರಬಹುದು ಎಂಬುದು.

ಈ ಎರಡನೆಯ ಪ್ರಶ್ನೆ ಮಿಶ್ರ ತರಗತಿಗೆ ಹೇಳಿ ಮಾಡಿಸಿದ್ದು. ಪಟ್ಟಿ ನೋಡಿ "ಆರು, ಎಂಟು" ಎನ್ನುವ ಮಗುವಿಗೂ ಇದರಲ್ಲಿ ಜಾಗವಿದೆ. ಪಟ್ಟಿಯಲ್ಲಿಲ್ಲದ ಐದು, ಏಳನ್ನು ಊಹಿಸುವ ಮಗು ಒಂದು ಹೆಜ್ಜೆ ಮುಂದೆ ಹೋಗಿದೆ. "ನೂರೂ ಆಗತ್ತೆ, ಸಾವಿರವೂ ಆಗತ್ತೆ, ಮುಗಿಯೋದೇ ಇಲ್ಲ" ಎನ್ನುವ ಮಗುವಿಗೆ ಪಾಠದ ತಿರುಳು ಸಿಕ್ಕಿದೆ. ಬೇಗ ಮುಗಿಸಿದವರಿಗೆ ಇದನ್ನೇ ತಿರುಗಿಸಿ ಕೊಡಿ: 1/4 ಮತ್ತು 1/8ರ ನಡುವೆ ಬರುವ 1/□ ಯಾವುವು? ಉತ್ತರ 1/5, 1/6, 1/7. ಪಟ್ಟಿಯಲ್ಲಿ ಇವುಗಳಲ್ಲಿ ಒಂದು ಮಾತ್ರ ಸಿಗುತ್ತದೆ, ಉಳಿದೆರಡಕ್ಕೆ ಯೋಚಿಸಬೇಕು.

ಈ ಹನ್ನೆರಡು ನಿಮಿಷದ ಮೊದಲ ಅರ್ಧ ನೀವು ಸಮಭಾಗದಲ್ಲಿ ಎಡವಿದವರ ಜೊತೆ ನೆಲದ ಮೇಲೆ ಕೂರುತ್ತೀರಿ. ಅವರ ಕೈಯಲ್ಲಿ ಇಡಿ, ಅರ್ಧ, ಕಾಲು, ಎಂಟನೇ ಒಂದರ ಪಟ್ಟಿಗಳು ಮಾತ್ರ ಇರಲಿ. ಸುಮ್ಮನೆ ಓರೆಯಾಗಿ ನಾಲ್ಕು ಭಾಗ ಮಾಡಿದ ಪಟ್ಟಿಯೊಂದನ್ನು ಮುಂದಿಟ್ಟು, ಇದನ್ನು ನಾಲ್ವರಿಗೆ ಹಂಚಿದರೆ ಯಾರು ಜಗಳ ತೆಗೆಯುತ್ತಾರೆ ಎಂದು ಕೇಳಿ. ಜಗಳ ಬರದ ಹಂಚಿಕೆಗೆ ಮಾತ್ರ 1/4 ಎಂಬ ಹೆಸರು ಎಂದು ಒಪ್ಪಿಕೊಂಡ ಮೇಲೆ, ಅರ್ಧ, ಕಾಲು, ಎಂಟನೇ ಒಂದರ ಪಟ್ಟಿಗಳನ್ನು ಹೋಲಿಸಲು ಬಿಡಿ. ಉಳಿದವರದೇ ಪ್ರಶ್ನೆ, ಸಂಖ್ಯೆಗಳು ಕಡಿಮೆ. ಉಳಿದ ಆರು ನಿಮಿಷ ಬೇರೆ ಜೋಡಿಗಳ ನಡುವೆ ಸುತ್ತಿ.

ಸುತ್ತುವಾಗ ಚಿತ್ರಗಳ ಮೇಲೆ ಕಣ್ಣಿಡಿ. ಹೋಲಿಸಲು ಚಿತ್ರ ಬರೆಯುವಾಗ ಕೆಲವರು ಒಂದೇ ಅಳತೆಯ ಚೌಕಗಳನ್ನು ಸಾಲಾಗಿ ಬರೆಯುತ್ತಾರೆ, ನಾಲ್ಕು ಚೌಕದ ಒಂದು ಸಾಲು, ಆರು ಚೌಕದ ಇನ್ನೊಂದು. ಎರಡರಲ್ಲೂ ಒಂದು ಚೌಕಕ್ಕೆ ಬಣ್ಣ ಹಾಕಿ, "ಎರಡೂ ಸಮ" ಎನ್ನುತ್ತಾರೆ. ಅವರ ಚಿತ್ರದ ಮಟ್ಟಿಗೆ ಅವರು ಹೇಳುವುದು ನಿಜ. ಇಡಿಯೇ ಬೇರೆಬೇರೆ ಉದ್ದವಾಗಿರುವುದು ತೊಡಕು. ಹಲಗೆಯ ಮೂಲೆಯ ಸಾಲನ್ನು ತೋರಿಸಿ, ಇಡೀ ಪಟ್ಟಿಯ ಎರಡು ಹೊರಗೆರೆಗಳನ್ನು ಮೊದಲು ಸಮನಾಗಿ ಎಳೆದು, ಆಮೇಲೆ ಒಳಗೆ ಭಾಗ ಮಾಡಲು ಹೇಳಿ.

ನಡುವಿನ ಪರೀಕ್ಷೆ

ಇಪ್ಪತ್ತೈದನೆಯ ನಿಮಿಷಕ್ಕೆ ಎಲ್ಲರೂ ಪಟ್ಟಿಗಳನ್ನು ಮಗುಚಿ ಇಡಲಿ. "ಅರ್ಥವಾಯ್ತಾ ಮಕ್ಕಳೇ?" ಎಂಬ ಪ್ರಶ್ನೆಗೆ "ಆಯ್ತು ಮಿಸ್" ಎಂಬ ಒಕ್ಕೊರಲ ಉತ್ತರ ಏನನ್ನೂ ತಿಳಿಸುವುದಿಲ್ಲ. ಬದಲಿಗೆ ಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆಯಿರಿ: 2/3 ಮತ್ತು 2/6 ಬಗ್ಗೆ ನಾಲ್ವರು ನಾಲ್ಕು ಮಾತು ಹೇಳಿದರು, ಯಾರು ಹೇಳಿದ್ದು ಸರಿ?

1. 2/6 ದೊಡ್ಡದು, ಏಕೆಂದರೆ ಆರು ಮೂರಕ್ಕಿಂತ ದೊಡ್ಡದು.
2. ಎರಡೂ ಸಮ, ಏಕೆಂದರೆ ಎರಡರಲ್ಲೂ ಎರಡೇ ಭಾಗ ತೆಗೆದುಕೊಂಡಿದೆ.
3. 2/3 ದೊಡ್ಡದು, ಏಕೆಂದರೆ ಮೂರು ಭಾಗ ಮಾಡಿದಾಗ ಒಂದೊಂದು ಭಾಗ ದೊಡ್ಡದು, ಎರಡರಲ್ಲೂ ತೆಗೆದುಕೊಂಡದ್ದು ಎರಡೆರಡು.
4. 2/3 ದೊಡ್ಡದು, ಏಕೆಂದರೆ ಅದರಲ್ಲಿ ಉಳಿದದ್ದು ಒಂದೇ ಭಾಗ, 2/6ರಲ್ಲಿ ನಾಲ್ಕು ಭಾಗ ಉಳಿದಿದೆ.

ಒಂದು ನಿಮಿಷ ಮೌನ. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ, ಬೆರಳುಗಳನ್ನು ಎದೆಯ ಹತ್ತಿರ ಹಿಡಿದು ಒಟ್ಟಿಗೇ ತೋರಿಸಲಿ. ಪಕ್ಕದವರನ್ನು ನೋಡಿ ಬದಲಿಸಲು ಆಗುವುದಿಲ್ಲ, ಹಲಗೆಯ ಮುಂದೆ ನಿಂತ ನಿಮಗೆ 28 ಉತ್ತರಗಳೂ ಒಂದೇ ನೋಟಕ್ಕೆ ಸಿಗುತ್ತವೆ.

ಇಲ್ಲಿ ಪ್ರತಿ ತಪ್ಪು ಆಯ್ಕೆಯನ್ನೂ ಒಂದು ಯೋಚನೆಯ ದಾರಿಗೆ ಎದುರಾಗಿ ಬರೆದಿದೆ. ಒಂದನ್ನು ತೋರಿಸಿದವರು ಇನ್ನೂ ಪೂರ್ಣಸಂಖ್ಯೆಯ ಅಭ್ಯಾಸದಲ್ಲಿದ್ದಾರೆ. ಎರಡನ್ನು ತೋರಿಸಿದವರು ಅಂಶವನ್ನಷ್ಟೇ ನೋಡುತ್ತಿದ್ದಾರೆ. ಬಹಳ ಎಚ್ಚರದಿಂದ ನೋಡಬೇಕಾದದ್ದು ನಾಲ್ಕನೆಯದು. ಅವರು ದೊಡ್ಡದನ್ನು ಸರಿಯಾಗಿ ಗುರುತಿಸಿದ್ದಾರೆ, ಬರಿಯ "ಯಾವುದು ದೊಡ್ಡದು" ಎಂದು ಕೇಳಿದ್ದರೆ ಪೂರ್ತಿ ಅಂಕ ಪಡೆಯುತ್ತಿದ್ದರು. ಆದರೆ ಉಳಿದ ಭಾಗಗಳನ್ನು ಎಣಿಸುತ್ತಿದ್ದಾರೆಯೇ ಹೊರತು ಆ ಭಾಗಗಳ ಗಾತ್ರ ನೋಡುತ್ತಿಲ್ಲ. ಆ ದಾರಿ ಮುಂದೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಅವರು ಈಗಲೇ ಕಾಣಬೇಕು.

ಬೆರಳುಗಳನ್ನು ನೋಡಿದ ಮೇಲೆ ಏನು ಮಾಡುವುದೆಂದು ಪಾಠ ಯೋಜನೆಯಲ್ಲಿ ಮೊದಲೇ ಬರೆದಿಡಿ, ಇಲ್ಲದಿದ್ದರೆ ಏನೇ ಬಂದರೂ ಮುಂದೆ ಸಾಗಿಬಿಡುತ್ತೇವೆ. 28ರಲ್ಲಿ 22ಕ್ಕಿಂತ ಹೆಚ್ಚು ಮಂದಿ ಮೂರನ್ನು ತೋರಿಸಿದರೆ ಮುಂದುವರಿಯಬಹುದು. ಸುಮಾರು ಅರ್ಧದಷ್ಟು ಮಂದಿ ತೋರಿಸಿದರೆ, ಬೇರೆ ಬೆರಳು ತೋರಿಸಿದವರ ಜೊತೆ ಎರಡು ನಿಮಿಷ ವಾದ ಮಾಡಲು ಬಿಟ್ಟು ಮತ್ತೊಮ್ಮೆ ಬೆರಳು ಕೇಳಿ. ಮೂರನೇ ಒಂದರಷ್ಟೂ ಇಲ್ಲದಿದ್ದರೆ ಪಟ್ಟಿಗಳನ್ನು ಮತ್ತೆ ತಿರುಗಿಸಿ, 2/3 ಮತ್ತು 2/6ನ್ನು ಎಲ್ಲರೂ ಬೆರಳಿಟ್ಟು ಅಳೆಯಲಿ: ಒಂದು 16 ಸೆಂ.ಮೀ., ಇನ್ನೊಂದು 8. ಆ ದಿನ ಮುಂದಿನ ಹಂತ ಬಿಟ್ಟುಹೋದರೂ ಪರವಾಗಿಲ್ಲ. ಈ ಅಂಕಿಗಳು ನನ್ನ ಅಂದಾಜು, ನಿಮ್ಮ ತರಗತಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ.

ಈ ಪರೀಕ್ಷೆಗೆ ನಾಲ್ಕು ನಿಮಿಷ ಹಿಡಿಯುತ್ತದೆ. ಮುಂದಿನ ಎಂಟು ನಿಮಿಷ ಬೆರಳುಗಳು ಹೇಳಿದ ಪ್ರಕಾರ. ಒಂದು ಮತ್ತು ಎರಡು ತೋರಿಸಿದವರನ್ನು ನಿಮ್ಮ ಸುತ್ತ ಕೂರಿಸಿಕೊಂಡು, ಪಟ್ಟಿಯ ಮೇಲೆ 2/4 ಮತ್ತು 2/8ನ್ನು ಮುಟ್ಟಿಸಿ ಮಾತಾಡಿಸಿ. ನಾಲ್ಕು ತೋರಿಸಿದವರಿಗೆ 1/2 ಮತ್ತು 6/8 ಕೊಡಿ. ಉಳಿದದ್ದನ್ನು ಎಣಿಸಿದರೆ ಒಂದರಲ್ಲಿ ಒಂದು ಭಾಗ, ಇನ್ನೊಂದರಲ್ಲಿ ಎರಡು ಭಾಗ, ಆದ್ದರಿಂದ ಅವರ ಲೆಕ್ಕಕ್ಕೆ 1/2 ದೊಡ್ಡದಾಗಬೇಕು. ಪಟ್ಟಿ ಇಟ್ಟರೆ 6/8 ಎಂಬುದು 18 ಸೆಂ.ಮೀ., ಅರ್ಧ 12 ಮಾತ್ರ. ಎಣಿಕೆಗೂ ಪಟ್ಟಿಗೂ ಹೊಂದದಿದ್ದಾಗ ಮಕ್ಕಳು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಆಗ ನೀವು ಮಾತಾಡದಿದ್ದರೆ ಅವರೇ ಕಾರಣ ಹುಡುಕುತ್ತಾರೆ.

ಮೂರನ್ನು ತೋರಿಸಿದವರಿಗೆ ಮುಂದಿನ ಪಾಠದ ಲೆಕ್ಕ ಕೊಡುವುದು ಸುಲಭ, ಆದರೆ ಹಾಗೆ ಮಾಡಿದರೆ ಅವರು ದೂರ ಹೋಗುತ್ತಾರೆ, ಆಳಕ್ಕೆ ಇಳಿಯುವುದಿಲ್ಲ. ಅವರಿಗೆ 3/4 ಮತ್ತು 5/6 ಕೊಡಿ. "ಎರಡರಲ್ಲೂ ಒಂದೊಂದೇ ಭಾಗ ಉಳಿದಿದೆ, ಆದ್ದರಿಂದ ಎರಡೂ ಸಮ ಎಂದು ಗೆಳೆಯನೊಬ್ಬ ಹೇಳುತ್ತಾನೆ. ಅವನಿಗೆ ಉತ್ತರ ಬರೆಯಿರಿ." ಛೇದಗಳನ್ನು ಸಮ ಮಾಡಬೇಕಿಲ್ಲ, ಲ.ಸಾ.ಅ. ಬೇಕಿಲ್ಲ. ಒಂದರಲ್ಲಿ ಇಡಿಯಾಗಲು 1/4 ಕಡಿಮೆ, ಇನ್ನೊಂದರಲ್ಲಿ 1/6 ಕಡಿಮೆ. 1/6 ಚಿಕ್ಕದು, ಆದ್ದರಿಂದ ಕಡಿಮೆ ಬಿದ್ದದ್ದು ಚಿಕ್ಕದು, ಆದ್ದರಿಂದ 5/6 ದೊಡ್ಡದು. ಪಾಠದ ಮೊದಲ ಐದು ನಿಮಿಷದಲ್ಲಿ ಮತ ಹಾಕಿದ ಅದೇ ಪ್ರಶ್ನೆ ಇಲ್ಲಿ ಒಳಗಿನಿಂದ ಬರುತ್ತದೆ. ಟ್ಯೂಷನ್‌ನ ಅಡ್ಡ ಗುಣಾಕಾರ ಗೊತ್ತಿರುವ ಹುಡುಗನಿಗೂ ಗೆಳೆಯನಿಗೆ ಮಾತಿನಲ್ಲಿ ಉತ್ತರ ಬರೆಯುವುದು ನಿಜವಾದ ಕೆಲಸವಾಗುತ್ತದೆ.

ನಾಲ್ಕು ಮತ್ತು ಐದನೇ ತರಗತಿಗಳು ಒಂದೇ ಕೋಣೆಯಲ್ಲಿರುವ ಶಾಲೆಗಳಲ್ಲಿ ನಾಲ್ಕನೆಯವರು ಅರ್ಧ, ಕಾಲು, ಎಂಟನೇ ಒಂದರ ಪಟ್ಟಿಗಳೊಂದಿಗೆ ಇದೇ ಪಾಠದಲ್ಲಿ ಕೂರಬಹುದು. ಜೋಡಿಗಳನ್ನು ತರಗತಿ ದಾಟಿ ಮಾಡಿದರೆ ಐದನೆಯವರಿಗೆ ವಿವರಿಸಿ ಹೇಳುವ ಕೆಲಸವೂ ಸಿಗುತ್ತದೆ.

ಕೊನೆಯ ಚೀಟಿ

ಕೊನೆಯ ಮೂರು ನಿಮಿಷ ಪಟ್ಟಿಗಳು ಒಳಗೆ ಹೋಗಲಿ. ಚೀಟಿಯಲ್ಲಿ ಎರಡೇ ಪ್ರಶ್ನೆ. ಒಂದು, 1/7 ಮತ್ತು 1/9ರಲ್ಲಿ ಯಾವುದು ದೊಡ್ಡದು, ಒಂದು ಸಾಲು ಕಾರಣ ಅಥವಾ ಒಂದು ಚಿತ್ರ. ಎರಡು, 1/4 ಮತ್ತು 3/8ರಲ್ಲಿ ಯಾವುದು ದೊಡ್ಡದು?

ಮೊದಲನೆಯದು ಗುರಿಯ ನೇರ ಪರೀಕ್ಷೆ. ಏಳು, ಒಂಬತ್ತು ಭಾಗಗಳನ್ನು ಅವರು ಮಡಿಸಿಲ್ಲ, ಆದ್ದರಿಂದ ನೆನಪಿನಿಂದ ಉತ್ತರ ಬರುವುದಿಲ್ಲ. ಎರಡನೆಯದು ಇಂದಿನ ಗುರಿಗೆ ಹೊರಗಿನದು, ಅಂಶಗಳು ಅಲ್ಲಿ ಬೇರೆಬೇರೆ. ಆದರೂ ಅದನ್ನು ಕೇಳುವುದಕ್ಕೆ ಕಾರಣವಿದೆ. "ಕೆಳಗಿನದು ಚಿಕ್ಕದಾದರೆ ದೊಡ್ಡದು" ಎಂಬ ನಿಯಮವನ್ನಷ್ಟೇ ಮನೆಗೆ ಒಯ್ಯುತ್ತಿರುವ ಮಕ್ಕಳು 1/4 ಎಂದೇ ಬರೆಯುತ್ತಾರೆ. ಪಾಠ ಚೆನ್ನಾಗಿ ನಡೆದ ದಿನ ಈ ತಪ್ಪು ಇನ್ನೂ ಹೆಚ್ಚಾಗಿ ಬರುತ್ತದೆ, ಹಳೆಯ ನಿಯಮದ ಜಾಗದಲ್ಲಿ ಹೊಸ ನಿಯಮ ಕೂತಿರುತ್ತದೆ. ಇದಕ್ಕೆ ಅಂಕ ಬೇಡ. ನಾಳೆಯ ಪಾಠ ಎಲ್ಲಿಂದ ಶುರುವಾಗಬೇಕೆಂದು ಇದು ಹೇಳುತ್ತದೆ.

ಚೀಟಿಗಳನ್ನು ಮೂರು ಕಟ್ಟು ಮಾಡಿ. ಮೊದಲ ಪ್ರಶ್ನೆಗೆ ಉತ್ತರ, ಕಾರಣ ಎರಡೂ ಸರಿಯಿರುವವರು. ಉತ್ತರ ಸರಿ, ಕಾರಣ ಬರಿಯ ನಿಯಮ ಅಥವಾ ಖಾಲಿ ಬಿಟ್ಟವರು. ಉತ್ತರವೇ ತಪ್ಪಾದವರು. ಪಾಠ ಯೋಜನೆಯ ಕೊನೆಯಲ್ಲಿ ಮೂರೂ ಕಟ್ಟಿನ ಸಂಖ್ಯೆ ಬರೆದು, ಮೂರನೆಯ ಕಟ್ಟಿನವರ ಹೆಸರುಗಳನ್ನು ಮಾತ್ರ ಬರೆಯಿರಿ. ಎರಡನೆಯ ಪ್ರಶ್ನೆಗೆ 1/4 ಎಂದು ಬರೆದವರು ಎಷ್ಟು ಮಂದಿ ಎಂಬುದನ್ನೂ ಪಕ್ಕದಲ್ಲಿ ಗುರುತಿಸಿ.

ಮರುದಿನದ ಮೊದಲ ಹತ್ತು ನಿಮಿಷ ಈ ಚೀಟಿಗಳಿಂದಲೇ ಹುಟ್ಟುತ್ತದೆ. ಹೆಸರಿಲ್ಲದೆ ಎರಡು ಉತ್ತರಗಳನ್ನು ಹಲಗೆಗೆ ಎತ್ತಿ ಬರೆಯಿರಿ, ಒಂದು ಚಿತ್ರ, ಒಂದು ಮಾತು. ಯಾವುದನ್ನು ಇನ್ನಷ್ಟು ಸ್ಪಷ್ಟ ಮಾಡಬಹುದೆಂದು ತರಗತಿಯೇ ತಿದ್ದಲಿ. ಮೂರನೆಯ ಕಟ್ಟಿನ ಐದಾರು ಮಕ್ಕಳ ಮುಂದೆ ಪಟ್ಟಿಗಳು ಮತ್ತೆ ಬರಲಿ. ಆಮೇಲೆ ಎಲ್ಲರೂ 1/4 ಮತ್ತು 3/8ನ್ನು ಪಟ್ಟಿಯ ಮೇಲೆ ಒಂದರ ಕೆಳಗೊಂದು ಇಟ್ಟು ನೋಡಲಿ. ಕಾಲಿನ ಮಡಿಕೆಯ ನೇರ ಕೆಳಗೆ ಎಂಟನೇ ಎರಡರ ಮಡಿಕೆ ಬಂದು ನಿಂತಿರುವುದು ಯಾರಾದರೊಬ್ಬರ ಕಣ್ಣಿಗೆ ಬೀಳುತ್ತದೆ. ಸಮಾನ ಭಿನ್ನರಾಶಿಯ ಪಾಠವನ್ನು ಅಲ್ಲಿಂದ ಎತ್ತಿಕೊಳ್ಳಬಹುದು.